ಕೈಮುಗಿದಿರುವವನು ದಕ್ಷ

"ಸ್ತಬ್ಧಚಿತ್ರದಲ್ಲಿ ವೀರಭದ್ರನ ಪಕ್ಕ ಕೊಂಬಿನ ತಲೆಯವನು ನಿಂತಿದ್ದಾನಲ್ಲ, ಮಹಿಷಾಸುರನಾ?"

ಅಲ್ಲ ಸರ್, ದಕ್ಷಬ್ರಹ್ಮ. ಕೈ ನೋಡಿ: ಮುಗಿದಿವೆ. ಮಹಿಷನಾದರೆ ದೇವಿಯ ಎದುರು ಕಾದಾಡುತ್ತಲೋ ಅವಳ ಕಾಲಡಿಯೋ ಇರುತ್ತಾನೆ, ಹೀಗೆ ಶರಣಾಗಿ ನಿಲ್ಲುವುದಿಲ್ಲ. ಮುಖವೂ ಕೋಣನದಲ್ಲ, ಹೋತದ್ದು. ಗಲ್ಲದ ಕೆಳಗೆ ಗಡ್ಡ ಇಳಿಬಿಟ್ಟಿದೆ. ದಕ್ಷ ಯಜ್ಞಕ್ಕೆ ಶಿವನನ್ನು ಕರೆಯಲಿಲ್ಲ. ಕರೆಯದಿದ್ದರೂ ತವರಿಗೆ ಹೋದ ದಾಕ್ಷಾಯಿಣಿ ಅವಮಾನ ತಾಳದೆ ಪ್ರಾಣ ಬಿಟ್ಟಳು. ಶಿವನ ಜಡೆಯಿಂದ ಹುಟ್ಟಿದ ವೀರಭದ್ರ ದಕ್ಷನ ತಲೆ ತರಿದ. ಆಮೇಲೆ ಶಿವ ಕರುಣೆಯಿಂದ ಹೋತದ ತಲೆ ಇಟ್ಟು ಬದುಕಿಸಿದ. ಅಂದರೆ ಇಲ್ಲಿರುವುದು ಯುದ್ಧವಲ್ಲ, ಕ್ಷಮೆ ಸಿಕ್ಕ ನಂತರದ ಗಳಿಗೆ. ವೀರಗಾಸೆಯವರ ಒಡಪು ಕಿವಿಗೊಟ್ಟು ಕೇಳಿ, ಇದೇ ಕಥೆ ಬರುತ್ತದೆ. ಆದರೆ ಬಣ್ಣ ಬಳಿಯುವವರು ಗಡ್ಡ ಬರೆಯದೆ ಕೊಂಬು ಅಗಲ ಮಾಡಿದರೆ ಗೊಂದಲವಾಗುತ್ತದೆ, ಆಗ ಕೈಯನ್ನೇ ನಂಬಿ.