ನಮ್ಮನ್ನು ಹೊಗಳಿದ ತಪ್ಪು

ನಮ್ಮ ಮಾಲನ್ನು ಮಾರಿಕೊಡುವ ಪಾರ್ಟ್ನರ್ ಕಂಪನಿಯೊಂದರ ವೆಬ್‌ಸೈಟಿನಲ್ಲಿ ನಮ್ಮ ಬಗ್ಗೆ ಒಂದು ಸುಳ್ಳು ಇತ್ತು. ಬೈಗುಳವಾಗಿದ್ದರೆ ಅವತ್ತೇ ಫೋನ್ ಮಾಡಿ ಜಗಳ ತೆಗೆಯುತ್ತಿದ್ದೆವು. ಹೊಗಳಿಕೆಯಾಗಿತ್ತು ನೋಡಿ, ಏಳು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ.

ನಾವು ಔಷಧಿ ಇಡುವ ಶೀತಲ ಕೋಣೆಗಳಿಗೆ ಡೇಟಾ ಲಾಗರ್ ಮಾಡುತ್ತೇವೆ. ಅಂದರೆ ಹತ್ತು ನಿಮಿಷಕ್ಕೊಮ್ಮೆ ಒಳಗಿನ ತಾಪಮಾನ ಬರೆದಿಟ್ಟುಕೊಂಡು, ಮಿತಿ ಮೀರಿದರೆ ಕೂಗಿಕೊಳ್ಳುವ ಅಂಗೈ ಅಗಲದ ಡಬ್ಬಿ. ನಮ್ಮ ಡೇಟಾಶೀಟಿನಲ್ಲಿ ಎರಡು ಸಾಲು ಒಂದರ ಕೆಳಗೊಂದು ಇವೆ: ರೆಸಲ್ಯೂಷನ್ 0.1 ಡಿಗ್ರಿ, ನಿಖರತೆ ±0.5 ಡಿಗ್ರಿ. ಪಾರ್ಟ್ನರ್ ಸೈಟಿನಲ್ಲಿಯೂ ಅವರು ಅಚ್ಚು ಹಾಕಿಸಿದ ಬ್ರೋಷರಿನಲ್ಲಿಯೂ ಇದ್ದದ್ದು ಒಂದೇ ಸಾಲು: "±0.1 ಡಿಗ್ರಿ ನಿಖರತೆ."

ಇವೆರಡರ ವ್ಯತ್ಯಾಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಮ್ಮ ಗೋಡೆ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿದೆ ಅಂದುಕೊಳ್ಳಿ, ಅದು ಒಂದೊಂದು ಸೆಕೆಂಡನ್ನೂ ತೋರಿಸುತ್ತದೆ. ಆದರೆ ಗಡಿಯಾರವೇ ಐದು ನಿಮಿಷ ಹಿಂದಿದೆ. ಸೆಕೆಂಡ್ ತೋರಿಸುವುದು ರೆಸಲ್ಯೂಷನ್. ಐದು ನಿಮಿಷ ಹಿಂದಿರುವುದು ನಿಖರತೆಯ ಕಥೆ. ನಮ್ಮ ಡಬ್ಬಿ 7.7, 7.8 ಅಂತ ಹತ್ತನೇ ಒಂದರ ಲೆಕ್ಕದಲ್ಲಿ ತೋರಿಸುತ್ತದೆ ನಿಜ, ಆದರೆ 7.7 ತೋರಿಸುವಾಗ ಒಳಗೆ 8.2 ಇದ್ದರೂ ಅದು ನಾವು ಒಪ್ಪಿಕೊಂಡ ಮಿತಿಯೊಳಗೇ ಇದೆ.

ವಿಷಯ ನಮಗೆ ಗೊತ್ತಾಗಿದ್ದು ಒಬ್ಬ ಗ್ರಾಹಕರ ಸಿಟ್ಟಿನ ಮೇಲ್‌ನಿಂದ. ಹನ್ನೆರಡು ಲಾಗರ್ ಕೊಂಡಿದ್ದರು. ತಮ್ಮ ಪ್ರಮಾಣಿತ ಥರ್ಮಾಮೀಟರ್ ಪಕ್ಕದಲ್ಲಿಟ್ಟು ನೋಡಿದ್ದಾರೆ, ಅದು 7.9 ಅಂದಾಗ ನಮ್ಮದು 8.3 ಅಂದಿದೆ. "0.1 ಅಂತ ಬರೆದು 0.4 ತಪ್ಪು ತೋರಿಸುವ ಯಂತ್ರ ಕೊಟ್ಟಿದ್ದೀರಿ, ಹನ್ನೆರಡನ್ನೂ ಬದಲಾಯಿಸಿ." ಜೊತೆಗೆ ಬ್ರೋಷರಿನ ಫೋಟೋ. ಯಂತ್ರ ಸರಿಯಾಗಿಯೇ ಇತ್ತು. ಬ್ರೋಷರ್ ಕೆಟ್ಟಿತ್ತು.

ಆಫೀಸಿನಲ್ಲಿ ಮೊದಲು ಬಂದ ಮಾತು, "ಇದೊಂದು ಗ್ರಾಹಕರನ್ನ ಸಮಾಧಾನ ಮಾಡೋಣ. ಸೈಟ್ ತಿದ್ದಿಸೋದು ಯಾಕೆ? ನಮಗೆ ಒಳ್ಳೇದೇ ತಾನೆ ಬರೆದಿದಾರೆ?" ಸೇಲ್ಸ್ ನೋಡಿಕೊಳ್ಳುವವರು ಹೀಗನ್ನುವುದು ಸಹಜ, ಅವರನ್ನು ದೂರುವುದಿಲ್ಲ. ಆದರೆ ತಪ್ಪು ಗೊತ್ತಿಲ್ಲದೆ ಸುಮ್ಮನಿದ್ದದ್ದು ಬೇರೆ, ಗೊತ್ತಾದ ಮೇಲೂ ಸುಮ್ಮನಿದ್ದದ್ದು ಬೇರೆ. ಆ ಮೇಲ್ ನಮ್ಮ ಇನ್‌ಬಾಕ್ಸಿಗೆ ಬಂದ ದಿನಾಂಕದಿಂದ ಆ ಸುಳ್ಳು ನಮ್ಮದೂ ಆಯಿತು. ನಾಳೆ ಯಾರಾದರೂ ಕೇಳಿದರೆ "ಅದು ಅವರು ಬರೆದದ್ದು" ಅಂತ ಹೇಳಲು ಬಾಯಿ ಇರುವುದಿಲ್ಲ.

ಇನ್ನೊಂದು ಸಂಗತಿ ಅದಕ್ಕಿಂತ ಗಂಭೀರ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಒಳಗೆ ಇಡಬೇಕು. ನಿಖರತೆ ±0.5 ಅಂತ ಗೊತ್ತಿದ್ದವರು ಅಲಾರಾಂ ಮಿತಿಯನ್ನು 2.5 ಮತ್ತು 7.5ಕ್ಕೆ ಇಡುತ್ತಾರೆ, ಯಂತ್ರದ ತಪ್ಪಿಗೆ ಜಾಗ ಬಿಟ್ಟು. ±0.1 ಅಂತ ನಂಬಿದವರು 7.9ಕ್ಕೆ ಇಡುತ್ತಾರೆ. ಆಗ ಒಳಗೆ 8.3 ಆಗಿದ್ದರೂ ಯಂತ್ರ 7.8 ತೋರಿಸುತ್ತ ತೆಪ್ಪಗೆ ಕೂತಿರಬಹುದು. ಬ್ರೋಷರಿನ ಒಂದು ಅಂಕಿ ಯಾರದೋ ಕೋಣೆಯ ಅಲಾರಾಂ ಆಗಿ ಕೂತಿರುತ್ತದೆ.

ಸರಿ, ತಿದ್ದಿಸಬೇಕು. ಮೇಲ್ ಬರೆಯಲು ಕೂತವನು ಅರ್ಧ ಬರೆದು ನಿಲ್ಲಿಸಿದೆ. ಇವರಿಗೆ ಈ 0.1 ಬಂದದ್ದಾದರೂ ಎಲ್ಲಿಂದ? ನಾವೇ ಕಳಿಸಿದ ಹಳೆಯ ಪ್ರೆಸೆಂಟೇಷನ್ ಹುಡುಕಿ ತೆಗೆದೆ. ಮೂರನೇ ಸ್ಲೈಡಿನಲ್ಲಿ, ಕಡುನೀಲಿ ಹಿನ್ನೆಲೆಯ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ "0.1°". ಮುಂದೆ ಹಿಂದೆ ಒಂದು ಪದವಿಲ್ಲ. ರೆಸಲ್ಯೂಷನ್ ಎಂಬ ಮಾತು ಕೆಳಗೆ ಇರುವೆ ಗಾತ್ರದಲ್ಲಿತ್ತು. ಓದಿದವರ ತಪ್ಪಲ್ಲ, ಹಾಗೆ ಬರೆದವರ ತಪ್ಪು. ಬರೆದವನು ನಾನೇ.

ಅರ್ಧ ಬರೆದ ಮೇಲ್ ಅಳಿಸಿದೆ. ಅದರಲ್ಲಿ "ದಾರಿ ತಪ್ಪಿಸುವ ಮಾಹಿತಿ", "ತಕ್ಷಣ ತೆಗೆದುಹಾಕತಕ್ಕದ್ದು" ಅಂತೆಲ್ಲ ಇತ್ತು. ನೀವೂ ಯಾರಿಗಾದರೂ ತಿದ್ದಿ ಅನ್ನುವ ಮೊದಲು ನೀವೇ ಕೊಟ್ಟ ಕಾಗದಗಳನ್ನೊಮ್ಮೆ ತಿರುವಿ ಹಾಕಿ. ಅರ್ಧಕ್ಕರ್ಧ ಸಲ ಬೇರು ಅಲ್ಲೇ ಸಿಗುತ್ತದೆ ಅಂತ ನನ್ನ ಅನುಮಾನ.

ಮೊದಲು ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದು, ವಿಳಾಸ ಮತ್ತು ದಿನಾಂಕ ಕಾಣುವ ಹಾಗೆ ಇಟ್ಟುಕೊಂಡೆ. ಬ್ರೋಷರಿನ ಪಿಡಿಎಫ್ ಇಳಿಸಿಕೊಂಡೆ. ಜಗಳಕ್ಕಲ್ಲ. ತಿದ್ದಿದ ಮೇಲೆ ಮೊದಲು ಏನಿತ್ತು ಅನ್ನುವುದು ಇಬ್ಬರಿಗೂ ಮರೆತುಹೋಗುತ್ತದೆ, ಅದಕ್ಕೆ. ಆಮೇಲೆ ನಮ್ಮ ಜೊತೆ ದಿನಾ ವ್ಯವಹರಿಸುವ ಮೇಡಂಗೆ ಫೋನ್ ಮಾಡಿದೆ. ಅವರ ಬಾಸ್‌ಗೂ ಅಲ್ಲ, ಸೈಟಿನ ಸಾಮಾನ್ಯ ವಿಳಾಸಕ್ಕೂ ಅಲ್ಲ. ಬಾಸ್‌ಗೆ ಹೋದರೆ ಮೇಡಂ ಬೈಸಿಕೊಳ್ಳುತ್ತಾರೆ, ಸಾಮಾನ್ಯ ವಿಳಾಸಕ್ಕೆ ಹೋದರೆ ಯಾರೂ ಓದುವುದಿಲ್ಲ.

"ಮೇಡಂ, ನಿಮ್ಮ ಸೈಟಲ್ಲಿ ನಮ್ಮ ಲಾಗರ್ ಬಗ್ಗೆ ಒಂದು ಅಂಕಿ ತಪ್ಪಿದೆ. ನಮ್ಮ ಸ್ಲೈಡ್ ನೋಡೇ ಹಾಗೆ ಬಂದಿರೋದು. ವಿವರ ಮೇಲ್ ಮಾಡ್ತೀನಿ."

"ಅಯ್ಯೋ, ಕಡಿಮೆ ಬರೆದುಬಿಟ್ಟಿದೀವಾ ಸರ್?"

"ಇಲ್ಲ ಮೇಡಂ, ಜಾಸ್ತಿ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಕ್ಕರು. ಜಾಸ್ತಿ ಬರೆದಿದ್ದೀರಿ ಅಂತ ದೂರುವವರು ಅವರಿಗೆ ಸಿಕ್ಕಿರಲಿಲ್ಲವಂತೆ.

ಕಳಿಸಿದ ಮೇಲ್ ಹೀಗಿತ್ತು:

"ನಮಸ್ಕಾರ ಮೇಡಂ. ಫೋನಿನಲ್ಲಿ ಹೇಳಿದ ವಿಷಯ. ನಿಮ್ಮ ಸೈಟಿನ ಲಾಗರ್ ಪುಟದ ಎರಡನೇ ಪ್ಯಾರಾ ಮತ್ತು ಬ್ರೋಷರಿನ ನಾಲ್ಕನೇ ಪುಟದ ಪಟ್ಟಿಯಲ್ಲಿ ಈಗ ಇರುವುದು: '±0.1 ಡಿಗ್ರಿ ನಿಖರತೆ'. ಇರಬೇಕಾದದ್ದು: 'ನಿಖರತೆ ±0.5 ಡಿಗ್ರಿ, ರೆಸಲ್ಯೂಷನ್ 0.1 ಡಿಗ್ರಿ'. ಈ ಸಾಲನ್ನು ಹಾಗೆಯೇ ನಕಲು ಮಾಡಿ ಹಾಕಬಹುದು. ಗೊಂದಲ ಹುಟ್ಟಿದ್ದು ನಮ್ಮ ಹಳೆಯ ಸ್ಲೈಡಿನಿಂದ, ತಿದ್ದಿದ ಸ್ಲೈಡ್ ಲಗತ್ತಿಸಿದ್ದೇನೆ. ಈಗಾಗಲೇ ಒಬ್ಬ ಗ್ರಾಹಕರು ಇದನ್ನು ನಂಬಿ ಕೊಂಡಿದ್ದಾರೆ, ಆದ್ದರಿಂದ ಸೈಟನ್ನು ಬರುವ ಶುಕ್ರವಾರದೊಳಗೆ ತಿದ್ದಿದರೆ ಉಪಕಾರ. ಅಚ್ಚಾದ ಬ್ರೋಷರ್ ಎಷ್ಟು ಉಳಿದಿವೆ ತಿಳಿಸಿ, ಏನು ಮಾಡಬಹುದು ಮಾತಾಡೋಣ."

ಇಷ್ಟೇ. ಇದರಲ್ಲಿ ಮುಖ್ಯವಾದದ್ದು ಸಿದ್ಧ ಸಾಲು ಕೊಟ್ಟದ್ದು. "ನಿಖರತೆಯ ವಿವರ ಸರಿಪಡಿಸಿ" ಅಂತ ಮಾತ್ರ ಬರೆದಿದ್ದರೆ ಅವರ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗ ತನಗೆ ತೋಚಿದ ಹಾಗೆ ಇನ್ನೊಂದು ತಪ್ಪು ಬರೆಯುತ್ತಿದ್ದ. ಅವನಿಗೆ ತಾಪಮಾನದ ವಿಷಯ ಯಾಕೆ ಗೊತ್ತಿರಬೇಕು?

ಎರಡೇ ದಿನಕ್ಕೆ "ಆಯ್ತು ಸರ್" ಅಂತ ಉತ್ತರ ಬಂತು. ಪುಟ ತೆರೆದು ನೋಡಿದೆ, ಸರಿಯಾಗಿತ್ತು. ಇಲ್ಲಿಗೆ ಮುಗಿಯಿತು ಅಂದುಕೊಳ್ಳುವುದೇ ಮೋಸ. ಗೂಗಲ್‌ನಲ್ಲಿ ಹೀಗೆ ಹುಡುಕಿದೆ, `example.com` ಇರುವಲ್ಲಿ ಅವರ ಸೈಟಿನ ವಿಳಾಸ ಹಾಕಿ:

```
site:example.com filetype:pdf
```

ಹಳೆಯ ಬ್ರೋಷರ್ ಬಂತು, ಹಲ್ಲು ಕಿರಿಯುತ್ತ. ಆದದ್ದೇನೆಂದರೆ, ಆ ಹುಡುಗ ಹೊಸ ಪಿಡಿಎಫನ್ನು ಬೇರೆ ಹೆಸರಿನಲ್ಲಿ ಏರಿಸಿ ಪುಟದ ಲಿಂಕನ್ನು ಅದಕ್ಕೆ ತಿರುಗಿಸಿದ್ದ. ಹಳೆಯ ಫೈಲ್ ಸರ್ವರಿನಲ್ಲೇ ಇತ್ತು. ಪುಟದಿಂದ ಅದಕ್ಕೆ ದಾರಿ ಇಲ್ಲ, ಆದರೆ ಗೂಗಲ್‌ಗೆ ದಾರಿ ಗೊತ್ತು, ಮೊದಲೇ ಲಿಂಕ್ ಉಳಿಸಿಕೊಂಡಿದ್ದ ಗ್ರಾಹಕರಿಗೂ ಗೊತ್ತು. ಹೊಸ ಪಿಡಿಎಫನ್ನು ಹಳೆಯ ಹೆಸರಿನಲ್ಲೇ ಅದರ ಮೇಲೆ ಹಾಕಿ ಅಂತ ಕೇಳಿಕೊಂಡೆ. ಆಗ ಹಳೆಯ ಲಿಂಕ್ ಒತ್ತಿದವರಿಗೂ ಹೊಸದೇ ಸಿಗುತ್ತದೆ.

ಅದಾದ ಮೇಲೂ ವಾಟ್ಸಾಪಿನಲ್ಲಿ ಪುಟದ ಲಿಂಕ್ ಹಾಕಿದರೆ ಕೆಳಗಿನ ಚಿಕ್ಕ ಡಬ್ಬದಲ್ಲಿ ±0.1 ಬರುತ್ತಿತ್ತು. ಪುಟದ ಮೇಲೆ ಕಾಣದ, ಮೂಲ ಕೋಡಿನಲ್ಲಿ ಮಾತ್ರ ಇರುವ ವಿವರಣೆಯ ಸಾಲು ಅದು, `og:description` ಅಂತ. ಮಗ್ಗುಲಲ್ಲೇ ಇರುವ `description` ಸಾಲನ್ನು ಗೂಗಲ್ ಹುಡುಕಾಟದ ಫಲಿತಾಂಶದಲ್ಲಿ ತೋರಿಸುವುದುಂಟು. ಪುಟದ ಮೇಲೆ ಬಲ ಕ್ಲಿಕ್ ಮಾಡಿ ಮೂಲ ಕೋಡ್ ತೆರೆದು ಹಳೆಯ ಅಂಕಿ ಹುಡುಕಿದರೆ ಎರಡೂ ಸಿಕ್ಕಿಬೀಳುತ್ತವೆ. ತಿದ್ದಿದ ಮೇಲೂ ಗೂಗಲ್ ಫಲಿತಾಂಶದಲ್ಲಿ ಹಳೆಯದೇ ಕಾಣುತ್ತಿದ್ದರೆ `Refresh Outdated Content` ಎಂಬ ಗೂಗಲ್‌ನದೇ ಪುಟವಿದೆ. ಸೈಟ್ ನಿಮ್ಮದಲ್ಲದಿದ್ದರೂ ಅಲ್ಲಿ ವಿಳಾಸ ಕೊಡಬಹುದು. ಮೂಲ ಪುಟ ಮೊದಲು ಬದಲಾಗಿರಬೇಕು ಅಷ್ಟೇ.

ಅಚ್ಚಾದ ಬ್ರೋಷರ್ ಆರುನೂರು ಉಳಿದಿದ್ದವು. ತಿದ್ದುಪಡಿ ಚೀಟಿಯೊಂದನ್ನು ಒಳಗೆ ಇಡೋಣ ಅಂದರು. ಬೇಡ ಅಂದೆ, ಚೀಟಿ ಮೊದಲ ಸಲ ಬಿಡಿಸಿದಾಗಲೇ ಉದುರಿಹೋಗುತ್ತದೆ. ತಪ್ಪು ಸಾಲಿನ ಮೇಲೆಯೇ ಕೂರುವ ಅಳತೆಗೆ ಸ್ಟಿಕರ್ ಮಾಡಿಸಿದೆವು, ಖರ್ಚು ನಮ್ಮದು, ಅಂಟಿಸುವ ಕೆಲಸ ಅವರದು. ಸ್ಲೈಡ್ ನಮ್ಮದಾದ ಮೇಲೆ ಸ್ಟಿಕರ್ ಅವರ ಖರ್ಚಿನಲ್ಲಿ ಮಾಡಿಸಿ ಅನ್ನಲು ನನಗೆ ಮುಖವಿರಲಿಲ್ಲ.

ಕಷ್ಟವಾದದ್ದು ಈಗಾಗಲೇ ಕೊಂಡವರ ವಿಷಯ. ಗ್ರಾಹಕರ ಪಟ್ಟಿ ಕೇಳಿದೆ, ಮೇಡಂ ಕೊಡಲಿಲ್ಲ. ಅವರು ಮಾಡಿದ್ದು ಸರಿಯೇ. ಪಟ್ಟಿ ಕೈಗೆ ಬಂದರೆ ನಾಳೆ ನಾವೇ ನೇರ ಮಾರಲು ಹೊರಡುತ್ತೇವೆ ಎಂಬ ಭಯ ಯಾವ ಮಾರಾಟಗಾರರಿಗಿಲ್ಲ? ಕೊನೆಗೆ ಪತ್ರ ನಾವು ಬರೆದುಕೊಡುವುದು, ಅವರ ಹೆಸರಿನಲ್ಲಿ ಅವರೇ ಕಳಿಸುವುದು ಅಂತಾಯಿತು. ಪತ್ರದಲ್ಲಿ ಕ್ಷಮೆಯ ಸಾಲು ಒಂದೇ. ಉಳಿದದ್ದು ಮಾಡಬೇಕಾದ ಕೆಲಸ: ನಿಖರತೆ ±0.5, ಆದ್ದರಿಂದ ಅಲಾರಾಂ ಮಿತಿಯನ್ನು 2.5 ಮತ್ತು 7.5ಕ್ಕೆ ಬದಲಾಯಿಸಿ, ಹೀಗೆ ಬದಲಾಯಿಸಬೇಕು, ಈ ನಿಖರತೆ ಸಾಲದಿದ್ದರೆ ವಾಪಸ್ ಕೊಡಿ. ಮೂವರು ವಾಪಸ್ ಕೊಟ್ಟರು. ಮೊದಲು ಸಿಟ್ಟು ಮಾಡಿದವರು ಇಟ್ಟುಕೊಂಡರು, ಇದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪಾರ್ಟ್ನರ್ ಒಪ್ಪದಿದ್ದರೆ ಏನು ಅಂತ ಕೇಳಬಹುದು. ಒಪ್ಪಂದದಲ್ಲಿ "ನಮ್ಮ ಹೆಸರಿರುವ ಪ್ರಚಾರ ಸಾಮಗ್ರಿಗೆ ಮೊದಲೇ ಲಿಖಿತ ಒಪ್ಪಿಗೆ ಬೇಕು" ಎಂಬ ಕಲಮು ಇದೆಯೇ ನೋಡಿ, ಇದ್ದರೆ ಅದನ್ನು ನೆನಪಿಸಿ ಎರಡನೇ ಪತ್ರ. ಅದಕ್ಕೂ ಮಣಿಯದಿದ್ದರೆ ಸಾಲು ತಿದ್ದಿ ಅನ್ನುವುದು ಬಿಟ್ಟು ನಮ್ಮ ಹೆಸರನ್ನೂ ಲೋಗೋವನ್ನೂ ತೆಗೆಯಿರಿ ಅನ್ನಬೇಕಾಗುತ್ತದೆ. ವಕೀಲರು ಬರುವುದು ಆಮೇಲೆ. ನಮ್ಮ ಒಪ್ಪಂದದಲ್ಲಿ ಆ ಕಲಮೇ ಇರಲಿಲ್ಲ. ಈಗ ಸೇರಿಸಿದ್ದೇವೆ.

ಈಗ ತಿಂಗಳಿಗೊಮ್ಮೆ ಹಳೆಯ ಬ್ರೋಷರಿನ ಒಂದು ಉದ್ದನೆಯ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕುತ್ತೇನೆ. ಮೊನ್ನೆ ಹುಡುಕಿದಾಗ ಹೆಸರೇ ಕೇಳಿರದ ಯಾವುದೋ ಅಂಗಡಿಯ ಸೈಟ್ ಸಿಕ್ಕಿತು. ಇಡೀ ಪ್ಯಾರಾ ನಕಲು, ±0.1 ಸಮೇತ. ಅವರು ನಮ್ಮ ಪಾರ್ಟ್ನರೂ ಅಲ್ಲ. ಫೋನ್ ನಂಬರ್ ಬರೆದಿಟ್ಟುಕೊಂಡಿದ್ದೇನೆ, ಸೋಮವಾರ ಮಾಡಬೇಕು.