ಅಂಬಾಸಿಡರ್ ಅಂದ್ರೆ ಯಾವ ದೇಶಕ್ಕೆ?

ಮಡಿಕೇರಿ ಮಳೆಯಲ್ಲಿ ನೆನೆದುಕೊಂಡು ಅಕ್ಕನ ಮಗ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ರೆಸ್ಯೂಮ್. ತಲೆ ಒದ್ದೆಯಾದರೂ ಅದು ಒದ್ದೆಯಾಗಿರಲಿಲ್ಲ.

"ಮಾವ, ಮೈಸೂರಿನ ಹೋಟೆಲಿಗೆ ಹಾಕ್ತಿದ್ದೀನಿ. ಒಂದ್ಸಲ ನೋಡಿ."

ನೋಡಿದೆ. ಹುದ್ದೆ: ‘ಗೆಸ್ಟ್ ಹ್ಯಾಪಿನೆಸ್ ಅಂಬಾಸಿಡರ್’. ಇಲ್ಲೇ ಬೆಟ್ಟದ ಮೇಲಿನ ರೆಸಾರ್ಟ್ ಒಂದರಲ್ಲಿ ಎರಡು ವರ್ಷದಿಂದ ಇದ್ದಾನೆ. ಅಲ್ಲಿ ಯಾರಿಗೂ ಮಾಮೂಲಿ ಹೆಸರಿಲ್ಲ. ಪಾತ್ರೆ ತೊಳೆಯುವವರು ‘ಹೈಜೀನ್ ಹೀರೋ’. ಗೇಟು ಕಾಯುವ ಅಜ್ಜ ‘ಫಸ್ಟ್ ಸ್ಮೈಲ್ ಎಕ್ಸಿಕ್ಯೂಟಿವ್’. ಅಜ್ಜನಿಗೆ ಮುಂದಿನ ಎರಡು ಹಲ್ಲಿಲ್ಲ, ಅದು ಬೇರೆ ಮಾತು. ಎಲ್ಲರೂ ಸಂಬಳ ಏರಿಸಿ ಎಂದು ಕೇಳಿದ ವರ್ಷವೇ ಈ ಹೆಸರುಗಳು ಬಂದವಂತೆ. ಹೆಸರು ಏರಿಸಿದರೆ ಪಿ.ಎಫ್. ಏರಲ್ಲ ನೋಡಿ.

ಮೈಸೂರಿನವರಿಗೆ ಇದು ಅರ್ಥವಾಗಲ್ಲ ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಅದನ್ನು ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ ‘ಫ್ರಂಟ್ ಆಫೀಸ್ ಮ್ಯಾನೇಜರ್’ ಎಂದು ಬರೆದಿದ್ದ.

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಪಕ್ಕದ ಮನೆಯ ರೈಟರ್ ಜೋರಾಗಿ ನಕ್ಕರು.

ಕೊಡಗಿನಲ್ಲಿ ರೈಟರ್ ಅಂದರೆ ಯಾವ ಕಾದಂಬರಿ ಬರೆದಿರಿ ಎಂದು ಯಾರೂ ಕೇಳಲ್ಲ. ತೋಟದಲ್ಲಿ ಬೆಳಿಗ್ಗೆ ಹಾಜರಿ ಹಾಕಿ ಕೆಲಸ ಹಂಚುವವರು, ಕೊಯ್ಲಿನಲ್ಲಿ ಯಾರು ಎಷ್ಟು ಕಿಲೋ ಹಣ್ಣು ಕುಯ್ದರು ಎಂದು ತೂಗಿ ಬರೆಯುವವರು ರೈಟರ್. ಘಾಟಿ ಇಳಿದರೆ ಈ ಅರ್ಥ ಇಲ್ಲ. ಇವರು ಒಮ್ಮೆ ಬೆಂಗಳೂರಿನ ಗೋದಾಮಿನ ಕೆಲಸಕ್ಕೆ ‘ಎಸ್ಟೇಟ್ ರೈಟರ್, 11 ವರ್ಷ’ ಎಂದಷ್ಟೇ ಬರೆದು ಕಳಿಸಿದ್ದರು. ಫೋನ್ ಬಂತು: "ಸರ್, ನಿಮ್ಮ ಯಾವ ಪುಸ್ತಕ ಬಂದಿದೆ?"

"ಹಾಜರಿ ಬರೆಯೋ ಚೆಕ್‌ರೋಲ್ ಪುಸ್ತಕ ಮೇಡಂ, ತಿಂಗಳಿಗೊಂದು" ಅಂದರಂತೆ.

ಮುಂದಿನ ಸಲ ‘ಎಸ್ಟೇಟ್ ರೈಟರ್ (ಹಾಜರಿ ಗುಮಾಸ್ತ ಮತ್ತು ಕೆಲಸದ ಮೇಲ್ವಿಚಾರಕ)’ ಎಂದು ಬರೆದರು. ಕೆಳಗೆ ಎಷ್ಟು ಜನರ ಹಾಜರಿ ಎಂಬುದನ್ನೂ ಸೇರಿಸಿದರು. ಕೆಲಸ ಸಿಕ್ಕಿತು. "ಅಸಿಸ್ಟೆಂಟ್ ಮ್ಯಾನೇಜರ್ ಅಂತ ಹಾಕೋ ಆಸೆ ನನಗೂ ಇತ್ತು ಮಾರಾಯ. ಸಾಹೇಬ್ರ ಜೀಪು ಹತ್ತಿದ್ದೆ ಅಲ್ವಾ. ಆದ್ರೆ ಹಿಂದಿನ ಸೀಟಲ್ಲಿ."

ಆಮೇಲೆ ರೈಟರ್ ನನ್ನ ಅಳಿಯನ ಹಾಜರಿ ಶುರು ಮಾಡಿದರು.

"ಡ್ಯೂಟಿ ಪಟ್ಟಿ ಯಾರು ಹಾಕ್ತಾರೆ?"

"ಮ್ಯಾನೇಜರ್."

"ಗೆಸ್ಟ್ ಜಗಳ ತೆಗೆದ್ರೆ ಬಿಲ್ಲಲ್ಲಿ ಸಾವಿರ ರೂಪಾಯಿ ಬಿಡೋಕೆ ನಿಂಗೆ ಆಗುತ್ತಾ?"

"ಇಲ್ಲ ಅಂಕಲ್, ಫೋನ್ ಮಾಡಿ ಕೇಳ್ಬೇಕು."

"ನಿನ್ನ ಕೈಕೆಳಗೆ ಎಷ್ಟು ಜನ?"

ಅವನು ಸ್ವಲ್ಪ ಯೋಚಿಸಿದ. "ರಾತ್ರಿ ಪಾಳಿಯಲ್ಲಿ ಒಂದು ನಾಯಿ ಇರುತ್ತೆ."

ಹೋಟೆಲುಗಳಲ್ಲಿ ಸಾಮಾನ್ಯವಾಗಿ ಫ್ರಂಟ್ ಆಫೀಸ್ ಅಸೋಸಿಯೇಟ್, ಅವರ ಮೇಲೆ ಸೂಪರ್‌ವೈಸರ್, ಅವರ ಮೇಲೆ ಡ್ಯೂಟಿ ಮ್ಯಾನೇಜರ್, ಆಮೇಲೆ ಮ್ಯಾನೇಜರ್. ಪಟ್ಟಿ ಹಾಕದ, ದುಡ್ಡು ಬಿಡಲಾಗದ, ನಾಯಿಯೊಂದನ್ನೇ ಆಳುವ ನಮ್ಮ ಹುಡುಗ ಮೊದಲ ಮೆಟ್ಟಿಲಲ್ಲೇ ನಿಂತಿದ್ದ.

"ರಾತ್ರಿ ಇಡೀ ರೆಸಾರ್ಟ್ ನಾನೊಬ್ಬನೇ ನೋಡ್ಕೊಳ್ತೀನಿ ಮಾವ!"

ಅದು ಸುಳ್ಳಲ್ಲ. ರಾತ್ರಿ ದಿನದ ಲೆಕ್ಕ ಮುಗಿಸುವ ನೈಟ್ ಆಡಿಟ್ ಅವನದೇ. ವಿದೇಶಿ ಅತಿಥಿಗಳು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಆನ್‌ಲೈನಿನಲ್ಲಿ ವಿವರ ಕಳಿಸುವವನೂ ಅವನೇ. ಇಂಥವನ್ನು ಹುದ್ದೆಯ ಹೆಸರಿಗೆ ಹತ್ತಿಸಿದರೆ ಮ್ಯಾನೇಜರ್ ಆಗಿಬಿಡುತ್ತಾನೆ. ಕೆಳಗಿನ ಸಾಲಿಗೆ ಇಳಿಸಿದರೆ, ಕೆಲಸ ಬಲ್ಲ ಹುಡುಗ ಎಂದು ಕಾಣುತ್ತಾನೆ. ಆ ಎರಡು ಸಾಲು ಅವನ ರೆಸ್ಯೂಮಿನಲ್ಲಿ ಇರಲೇ ಇಲ್ಲ. ಬದಲಿಗೆ ‘ನಗುವನ್ನು ಹಂಚುವುದು’ ಎಂದಿತ್ತು.

"ಹಾಗಾದ್ರೆ ಆ ಅಂಬಾಸಿಡರ್ ತೆಗೆದೇ ಬಿಡ್ಲಾ?"

ಅದೂ ಬೇಡ ಅಂದೆ. ಹೊಸ ಕಡೆಯವರು ಹಳೆ ಕಡೆಗೆ ಫೋನ್ ಮಾಡಿ ಕೇಳುತ್ತಾರೆ. ಅನುಭವದ ಪತ್ರದಲ್ಲೂ ಅಂಬಾಸಿಡರ್ ಎಂದೇ ಇರುತ್ತದೆ. ರೆಸ್ಯೂಮಿನಲ್ಲಿ ಬೇರೆ ಹೆಸರು ಮಾತ್ರ ಇದ್ದರೆ ಸುಳ್ಳು ಹೇಳಿದವನು ಇವನೇ ಆಗುತ್ತಾನೆ, ರೆಸಾರ್ಟ್ ಅಲ್ಲ. ಪತ್ರದಲ್ಲಿರುವ ಹೆಸರು ಮೊದಲು, ಜನಕ್ಕೆ ಗೊತ್ತಿರುವ ಹೆಸರು ಬ್ರಾಕೆಟ್ಟಿನಲ್ಲಿ. ಕೊನೆಗೆ ಹೀಗಾಯಿತು: ‘ಗೆಸ್ಟ್ ಹ್ಯಾಪಿನೆಸ್ ಅಂಬಾಸಿಡರ್ (ಫ್ರಂಟ್ ಆಫೀಸ್ ಅಸೋಸಿಯೇಟ್)’. ಕೆಳಗೆ 22 ಕೋಣೆ, ನೈಟ್ ಆಡಿಟ್, ವಿದೇಶಿಯರ ನೋಂದಣಿ.

ಅವನು ಅದನ್ನೇ ದಿಟ್ಟಿಸಿ ನೋಡಿದ. "ಬ್ರಾಕೆಟ್ಟಿನಲ್ಲಿ ನೀವು ನನ್ನ ಇಳಿಸಿಬಿಟ್ರಿ ಮಾವ" ಎಂದು ಮುಖ ಸಣ್ಣದು ಮಾಡಿಕೊಂಡು ಹೋದ.

ಮೈಸೂರಿನಿಂದ ಕರೆ ಬಂತು, ಕೆಲಸಕ್ಕೂ ಸೇರಿದ. ಮೊನ್ನೆ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಅದೇ ರೆಸಾರ್ಟಿನ ಚೀಟಿ ಅಂಟಿಸಿದ್ದು ಕಂಡೆ. ಅವನ ಜಾಗಕ್ಕೆ ಜನ ಹುಡುಕುತ್ತಿದ್ದರು. ಚೀಟಿಯಲ್ಲಿ ಇದ್ದಿದ್ದು ಇಷ್ಟೇ: ‘ರಿಸೆಪ್ಷನಿಸ್ಟ್ ಬೇಕಾಗಿದ್ದಾರೆ. ರಾತ್ರಿ ಪಾಳಿ. ಊಟ ಇದೆ.’