ಡಿಎಲ್ ಅವಧಿ ಮುಗಿದಿದೆ, ಮನೆಯೂ ಬದಲಾಗಿದೆ: ಎರಡನ್ನೂ ಒಂದೇ ಅರ್ಜಿಯಲ್ಲಿ ಮುಗಿಸಿ

"ಅವಧಿ ಮುಗಿದ ಮೇಲೂ ಒಂದು ತಿಂಗಳು ನಡೆಯುತ್ತೆ ಬಿಡಿ" ಅಂತ ಈಗಲೂ ಹೇಳುವವರಿದ್ದಾರೆ. ನಡೆಯುವುದಿಲ್ಲ. ಆ 30 ದಿನದ ರಿಯಾಯಿತಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಹೋಯಿತು. ಕಾರ್ಡಿನ ಮೇಲಿನ ದಿನಾಂಕ ದಾಟಿದ ಮಾರನೇ ದಿನವೇ ನೀವು ಲೈಸೆನ್ಸ್ ಇಲ್ಲದ ಚಾಲಕ. ಕಾಯ್ದೆಯ 181ನೇ ಸೆಕ್ಷನ್‌ನಲ್ಲಿ ಅದಕ್ಕೆ 5,000 ರೂಪಾಯಿ ದಂಡವಿದೆ. ದಂಡವನ್ನಾದರೂ ಕಟ್ಟಿ ಮರೆಯಬಹುದು. ಆ ದಿನಗಳಲ್ಲಿ ಅಪಘಾತವಾದರೆ ನಿಮ್ಮ ಗಾಡಿಯ ರಿಪೇರಿ ಖರ್ಚಿಗೆ ವಿಮಾ ಕಂಪನಿ ಕೈಯೆತ್ತಬಹುದು, ಎದುರಿನವರಿಗೆ ಕೊಟ್ಟ ಪರಿಹಾರವನ್ನು ನಿಮ್ಮಿಂದಲೇ ವಸೂಲಿ ಮಾಡಲು ಬರಬಹುದು.

ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಶಿವಮೊಗ್ಗದಲ್ಲಿ 2005ರ ಜುಲೈ 10ರಂದು, 24ನೇ ವಯಸ್ಸಿನಲ್ಲಿ ಬೈಕು–ಕಾರಿನ ಲೈಸೆನ್ಸ್ ಮಾಡಿಸಿದವರು. ಆಗಿನ ನಿಯಮ 20 ವರ್ಷ ಅಥವಾ 50 ತುಂಬುವವರೆಗೆ, ಯಾವುದು ಮೊದಲೋ ಅದು. ಹಾಗಾಗಿ 2025ರ ಜುಲೈ 9ಕ್ಕೆ ಅವಧಿ ಮುಗಿದಿದೆ. ಈಗ ಮನೆ ಮೈಸೂರಿನಲ್ಲಿ. ಗಮನಕ್ಕೆ ಬಂದದ್ದು 2026ರ ಮಾರ್ಚ್‌ನಲ್ಲಿ.

ಇವರಿಗೆ ಮುಖ್ಯವಾದ ದಿನ 2026ರ ಜುಲೈ 9. ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಡ್ರೈವಿಂಗ್ ಟೆಸ್ಟ್ ಇಲ್ಲ. ದಾಟಿದರೆ ಮತ್ತೆ ಟ್ರ್ಯಾಕ್ ಮೇಲೆ ಗಾಡಿ ಓಡಿಸಿ ಪಾಸಾಗಬೇಕು. ಹಿಂದೆ ಈ ಗಡುವು ಐದು ವರ್ಷ ಇತ್ತು, ಅದೇ ಲೆಕ್ಕದಲ್ಲಿ ನಿಶ್ಚಿಂತೆಯಿಂದ ಕೂತವರು ಬಹಳ ಮಂದಿ. ಇನ್ನೊಂದು, ತಡವಾಗಿ ಮಾಡಿಸಿದ ನವೀಕರಣ ಹಿಂದಿನ ದಿನಾಂಕಕ್ಕೆ ಹೋಗಿ ಕೂರುವುದಿಲ್ಲ, ನವೀಕರಿಸಿದ ದಿನದಿಂದ ಲೆಕ್ಕ. ನಡುವಿನ ಎಂಟು ತಿಂಗಳು ಖಾಲಿ ಅಂದರೆ ಖಾಲಿ. ವಯಸ್ಸು 30ರಿಂದ 50ರೊಳಗೆ ಇರುವುದರಿಂದ ಹೊಸ ಅವಧಿ ಇವರಿಗೆ 10 ವರ್ಷ ಸಿಗುತ್ತದೆ.

ಈಗ ವಿಳಾಸ. ಜನ ಎಡವುವುದು ಇಲ್ಲೇ. ಮೊದಲು ರಿನ್ಯೂವಲ್ ಮುಗಿಯಲಿ, ವಿಳಾಸ ಆಮೇಲೆ ನೋಡೋಣ ಅಂತ ಹೊರಡುತ್ತಾರೆ. ಹೊಸ ಕಾರ್ಡ್ ಅಂಚೆಯಲ್ಲಿ ಬರುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಅದು ಶಿವಮೊಗ್ಗದ ಹಳೇ ಬಾಡಿಗೆ ಮನೆಗೆ ಹೋಗುತ್ತದೆ, ಬಾಗಿಲಲ್ಲಿ ನಿಮ್ಮ ಹೆಸರಿನವರು ಯಾರೂ ಇಲ್ಲ, ವಾಪಸ್. ಆಮೇಲೆ ವಿಳಾಸಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಕಾರ್ಡಿನ ದುಡ್ಡು. ಎರಡೂ ಸೇವೆಯನ್ನು ಒಟ್ಟಿಗೆ ಕೇಳಿದರೆ ಈ ರಗಳೆಯೇ ಇಲ್ಲ.

ಆದರೆ ಅದಕ್ಕೂ ಮೊದಲು ಆಧಾರ್‌ನಲ್ಲಿ ಯಾವ ವಿಳಾಸ ಇದೆ ಅಂತ ನೋಡಿ. ಟೆಸ್ಟ್ ಬೇಕಿಲ್ಲದ ನವೀಕರಣ ಮತ್ತು ವಿಳಾಸ ಬದಲಾವಣೆ, ಇವೆರಡನ್ನೂ ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆ ಮಾಡಿಸಿಕೊಳ್ಳಲು 2021ರಿಂದ ಅವಕಾಶ ಇದೆ. ಆ ದಾರಿ ಹಿಡಿದರೆ ವಿಳಾಸ ನೇರ ಆಧಾರ್‌ನಿಂದಲೇ ಇಳಿಯುತ್ತದೆ, ನೀವು ತಿದ್ದಲು ಬರುವುದಿಲ್ಲ. ಆಧಾರ್‌ನಲ್ಲಿ ಶಿವಮೊಗ್ಗವೇ ಕೂತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಇತ್ತ ಬನ್ನಿ. ಹೆಸರನ್ನೂ ಹೋಲಿಸಿ ನೋಡಿ. ಡಿಎಲ್‌ನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಊರು, ಅಪ್ಪನ ಹೆಸರು ಸೇರಿ ಉದ್ದದ ಹೆಸರು ಇರುವುದು ನಮ್ಮ ಕಡೆ ತೀರಾ ಸಾಮಾನ್ಯ. ಅಂಥವರ ಅರ್ಜಿ ಅಲ್ಲೇ ತಡೆದು ನಿಂತರೆ ಆಧಾರ್ ಇಲ್ಲದ ದಾರಿಯಲ್ಲಿ ಅರ್ಜಿ ಹಾಕಿ ದಾಖಲೆ ಹಿಡಿದು ಕಚೇರಿಗೆ ಹೋಗಬೇಕಾಗುತ್ತದೆ.

ಅರ್ಜಿ ಹಾಕುವ ಜಾಗ sarathi.parivahan.gov.in. ಇದೇ ಹೆಸರು ಹೋಲುವ, ದುಡ್ಡು ಕೀಳುವ ಸೈಟುಗಳಿವೆ, ಕೊನೆಯಲ್ಲಿ gov.in ಇದೆಯಾ ನೋಡಿಕೊಳ್ಳಿ. ರಾಜ್ಯ ಕರ್ನಾಟಕ ಆರಿಸಿ, ಡಿಎಲ್ ಸೇವೆಗಳ ಪುಟದಲ್ಲಿ ಡಿಎಲ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿ. ನಂಬರ್ KA14 ಅಂತ ಶುರುವಾಗಿ, ಲೈಸೆನ್ಸ್ ಕೊಟ್ಟ ವರ್ಷ, ಆಮೇಲೆ ಏಳು ಅಂಕಿ ಇರಬೇಕು. ಹಳೇ ಪುಸ್ತಕದಂಥ ಲೈಸೆನ್ಸಿನವರ ನಂಬರ್ ಈ ರೂಪದಲ್ಲಿ ಇರುವುದಿಲ್ಲ. ನಂಬರಿಗೆ ನಾಲ್ಕು ಸೊನ್ನೆ ಸೇರಿಸಿ ಊಹೆಯಲ್ಲಿ ಪ್ರಯತ್ನಿಸುತ್ತಾ ಕೂರಬೇಡಿ. ದಾಖಲೆ ಕಂಪ್ಯೂಟರಿಗೆ ಏರಿಯೇ ಇಲ್ಲದಿದ್ದರೆ ಮೊದಲು ಲೈಸೆನ್ಸ್ ಕೊಟ್ಟ ಆರ್‌ಟಿಒದಲ್ಲೇ ಅದನ್ನು ಏರಿಸಬೇಕು, ಕಚೇರಿಯಲ್ಲಿ ಇದನ್ನು ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಮೈಸೂರಿನ ಕೌಂಟರಿನಲ್ಲಿ ಎಷ್ಟು ಬೇಡಿಕೊಂಡರೂ ಶಿವಮೊಗ್ಗದ ರಿಜಿಸ್ಟರ್ ಇಲ್ಲಿ ಸಿಗುವುದಿಲ್ಲ.

ವಿವರ ತೆರೆದುಕೊಂಡ ಮೇಲೆ ಪಿನ್‌ಕೋಡ್ ಮತ್ತು ಆರ್‌ಟಿಒ ಕೇಳುತ್ತದೆ, ಅಲ್ಲಿ ಈಗಿರುವ ಮನೆಯದ್ದನ್ನೇ ಕೊಡಿ. ನವೀಕರಣಕ್ಕೆ ಶಿವಮೊಗ್ಗಕ್ಕೇ ಹೋಗಬೇಕೆಂದಿಲ್ಲ. ಮುಂದೆ ಸೇವೆಗಳ ಪಟ್ಟಿಯಲ್ಲಿ RENEWAL OF DL ಮತ್ತು CHANGE OF ADDRESS IN DL ಎರಡಕ್ಕೂ ಟಿಕ್ ಮಾಡಿ. ಊರು ಬದಲಾದರೂ ಡಿಎಲ್ ನಂಬರ್ KA14 ಆಗಿಯೇ ಉಳಿಯುತ್ತದೆ, ತಪ್ಪಾಗಿದೆ ಅಂತ ಗಾಬರಿಯಾಗಬೇಡಿ.

40 ದಾಟಿದವರಿಗೆ ಫಾರಂ 1ಎ, ಅಂದರೆ ವೈದ್ಯರ ಪ್ರಮಾಣಪತ್ರ ಕಡ್ಡಾಯ. ಅದಕ್ಕಿಂತ ಚಿಕ್ಕವರಿಗೆ, ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಅಲ್ಲದಿದ್ದರೆ, ಫಾರಂ 1ರ ಸ್ವಯಂ ಘೋಷಣೆ ಸಾಕು. ಅರ್ಜಿಗಳು ವಾಪಸ್ ಬರುವುದು ಈ ಒಂದು ಹಾಳೆಯಿಂದ. ಫೋಟೊ ಅಂಟಿಸಿರುವುದಿಲ್ಲ, ಸೀಲ್ ಇದ್ದರೂ ವೈದ್ಯರ ನೋಂದಣಿ ಸಂಖ್ಯೆ ಇರುವುದಿಲ್ಲ, ಕಣ್ಣಿನ ಸಾಲುಗಳು ಖಾಲಿ. ಆ ಫಾರಂ ಕೇಳುವುದು ನಿಜವಾದ ಪ್ರಶ್ನೆಗಳನ್ನೇ: ತೀವ್ರವಾದ ಬಣ್ಣಗುರುಡು ಇದೆಯಾ, 25 ಮೀಟರ್ ದೂರದಿಂದ ಗಾಡಿಯ ನಂಬರ್ ಪ್ಲೇಟ್ ಓದಲು ಬರುತ್ತದಾ, ರಾತ್ರಿಗುರುಡು ಇದೆಯಾ. ಮೆಡಿಕಲ್ ಶಾಪಿನ ಪಕ್ಕದಲ್ಲಿ ನೂರು ರೂಪಾಯಿಗೆ ಸಹಿ ಹಾಕಿಸಿಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 44ರಲ್ಲಿ ಕನ್ನಡಕ ಬಂದಿರುವುದು ಇಪ್ಪತ್ತನಾಲ್ಕರ ಕಾರ್ಡಿಗೆ ಗೊತ್ತಿರುವುದಿಲ್ಲವಲ್ಲ.

ಶುಲ್ಕ ಕೇಂದ್ರ ನಿಯಮದಲ್ಲೇ ನಿಗದಿ: ತಡವಾದ ನವೀಕರಣಕ್ಕೆ 300, ತಡಕ್ಕೆ ವರ್ಷ ಅಥವಾ ಅದರ ಭಾಗಕ್ಕೆ 1,000, ವಿಳಾಸ ಬದಲಾವಣೆಗೆ 200, ಸ್ಮಾರ್ಟ್ ಕಾರ್ಡಿಗೆ 200. ಈ ದರದಲ್ಲಿ ನಮ್ಮ ಉದಾಹರಣೆಯವರಿಗೆ 1,700ರ ಆಸುಪಾಸು. ಕಟ್ಟುವ ಮೊದಲು ಪರದೆ ಮೇಲೆ ಬರುವ ಮೊತ್ತವೇ ಅಂತಿಮ. ಏಜೆಂಟರು ನಾಲ್ಕೈದು ಸಾವಿರ ಹೇಳಿದರೆ ಇದರ ಮೇಲಿನದ್ದು ಯಾರ ಪಾಲು ಅಂತ ಕೇಳಿ.

ದುಡ್ಡು ಖಾತೆಯಿಂದ ಹೋಗಿ ಪುಟ ಸ್ತಬ್ಧವಾದರೆ ಎರಡನೇ ಸಲ ಕಟ್ಟಬೇಡಿ. ಶುಲ್ಕದ ಮೆನುವಿನಲ್ಲೇ ಪಾವತಿಯ ಸ್ಥಿತಿ ಪರಿಶೀಲಿಸುವ ಆಯ್ಕೆ ಇದೆ, ಅರ್ಜಿ ಸಂಖ್ಯೆ ಹಾಕಿದರೆ ಎಷ್ಟೋ ಸಲ ರಸೀದಿ ಅಲ್ಲೇ ತೆರೆದುಕೊಳ್ಳುತ್ತದೆ. ಒಟಿಪಿ ಹಳೇ ಮೊಬೈಲಿಗೆ ಹೋಗುತ್ತಿದ್ದರೆ ಮೊಬೈಲ್ ನಂಬರ್ ಬದಲಿಸುವ ಸೇವೆಯೂ ಅದೇ ಸೈಟಿನಲ್ಲಿದೆ, ಅದನ್ನು ಮೊದಲು ಮುಗಿಸಿಕೊಳ್ಳಿ.

ಅರ್ಜಿ ಹಾಕಿದ ರಸೀದಿ ಲೈಸೆನ್ಸ್ ಅಲ್ಲ, ಅದನ್ನು ತೋರಿಸಿ ಗಾಡಿ ಓಡಿಸಲು ಬರುವುದಿಲ್ಲ. ಆರ್‌ಟಿಒ ಅನುಮೋದಿಸಿದ ಮೇಲೆ ಕಾರ್ಡ್ ಕೈಗೆ ಬರುವ ಮುನ್ನವೇ ಡಿಜಿಲಾಕರ್‌ನಲ್ಲಿ ಡಿಎಲ್ ತೆರೆದು ನೋಡಿ, ಪೊಲೀಸರು ಅದನ್ನು ಒಪ್ಪಲೇಬೇಕು. ಅಲ್ಲಿ ಇನ್ನೂ 2025ರ ದಿನಾಂಕವೇ ಕಂಡರೆ ಅದು ನೀವು ಹಿಂದೆ ಇಳಿಸಿಕೊಂಡ ಪ್ರತಿ. ರಿಫ್ರೆಶ್ ಮಾಡಿ, ಹೊಸ ದಿನಾಂಕದ ಜೊತೆ ಮೈಸೂರಿನ ವಿಳಾಸವೂ ಬಂದಿದೆಯಾ ಅಂತ ಅಲ್ಲೇ ಓದಿಕೊಳ್ಳಿ.